ಭಾರ ಎತ್ತುವಾಗ ಬರುವ ತಲೆನೋವು: ಎಷ್ಟು ಹೊತ್ತಿನಲ್ಲಿ ಏರಿತು?

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ವ್ಯಾಯಾಮ ವಿಜ್ಞಾನದವರಿಗೆ ಚೆನ್ನಾಗಿ ಗೊತ್ತು. ಅನುಭವಿ ದೇಹದಾರ್ಢ್ಯಪಟುಗಳ ತೋಳಿನ ಅಪಧಮನಿಯೊಳಗೆ ತೆಳುವಾದ ನಳಿಕೆ ಇಳಿಸಿ, ಅವರು ಭಾರ ಎತ್ತುತ್ತಿರುವಾಗಲೇ ರಕ್ತದೊತ್ತಡ ಅಳೆದರು. ಕೂತು ಎರಡೂ ಕಾಲಿನಿಂದ ಯಂತ್ರದ ಭಾರ ತಳ್ಳುವ ಲೆಗ್ ಪ್ರೆಸ್ ಮಾಡುವಾಗ ಒತ್ತಡ ಸರಾಸರಿ 320/250ಕ್ಕೆ ಏರಿತ್ತು. ಒಬ್ಬರಲ್ಲಂತೂ 480/350ನ್ನೂ ದಾಟಿತ್ತು. ಕ್ಲಿನಿಕ್‌ನಲ್ಲಿ 180/120 ಕಂಡರೆ ಡಾಕ್ಟರ್ ಗಾಬರಿಯಾಗುತ್ತಾರೆ ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಆದರೂ ಸೆಟ್ ಮುಗಿದ ಕೆಲವೇ ಸೆಕೆಂಡುಗಳಲ್ಲಿ ಒತ್ತಡ ಕೆಳಗಿಳಿದಿತ್ತು.

ಅಷ್ಟು ಒತ್ತಡವನ್ನು ಮಿದುಳಿನ ರಕ್ತನಾಳಗಳು ತಾಳಿಕೊಳ್ಳುವುದು ಹೇಗೆ? ತಾಳಿಕೊಳ್ಳುತ್ತವೆ ಎಂದಾದರೆ ಕೆಲವರಿಗೆ ಮಾತ್ರ ತಲೆ ಸಿಡಿಯುವುದೇಕೆ?

ಭಾರವಾದ ಬಾರ್ಬೆಲ್ ಹಿಡಿದು ಏಳುವಾಗ ನಾವು ಯೋಚಿಸದೆಯೇ ಉಸಿರು ಕಟ್ಟುತ್ತೇವೆ. ಗಂಟಲು ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಒಳಗಿನ ಗಾಳಿಯನ್ನು ಅಲ್ಲೇ ಹಿಡಿದಿಡುತ್ತೇವೆ. ಅಕ್ಕಿ ಮೂಟೆ ಬೆನ್ನಿಗೇರಿಸಿಕೊಳ್ಳುವ ಹಮಾಲರು, ಗರಡಿಮನೆಯಲ್ಲಿ ಗುಂಡು ಎತ್ತುವವರು, ಮಲಬದ್ಧತೆಯಿಂದ ಮುಕ್ಕುವವರು, ಎಲ್ಲರೂ ಮಾಡುವುದು ಇದನ್ನೇ. ವೈದ್ಯರು ಇದನ್ನು ಹದಿನೇಳು-ಹದಿನೆಂಟನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಆಂಟೋನಿಯೊ ವಾಲ್ಸಾಲ್ವಾನ ಹೆಸರಿನಿಂದ ಕರೆಯುತ್ತಾರೆ. ಹೀಗೆ ಬಿಗಿದಾಗ ಬೆನ್ನುಮೂಳೆಗೆ ಗಟ್ಟಿ ಆಸರೆ ಸಿಗುತ್ತದೆ, ಹಾಗಾಗಿ ಇದು ಕೆಟ್ಟ ಅಭ್ಯಾಸವೇನಲ್ಲ. ಆದರೆ ಎದೆಯೊಳಗಿನ ಒತ್ತಡ ಏರಿದ ಕೂಡಲೇ ಎರಡು ಸಂಗತಿ ಒಟ್ಟೊಟ್ಟಿಗೆ ನಡೆಯುತ್ತವೆ. ಹೃದಯದಿಂದ ಹೊರಡುವ ರಕ್ತದ ಒತ್ತಡಕ್ಕೆ ಇದೂ ಸೇರಿಕೊಳ್ಳುತ್ತದೆ. ಇತ್ತ ತಲೆಯಿಂದ ಕೆಳಗೆ ಹರಿದು ಬರಬೇಕಾದ ರಕ್ತಕ್ಕೆ ಎದೆಯ ಬಾಗಿಲಲ್ಲೇ ತಡೆ ಬೀಳುತ್ತದೆ. ಭಾರ ಎತ್ತುವವರ ಕತ್ತಿನ ನರ ಉಬ್ಬಿ, ಮುಖ ಕೆಂಪೇರುವುದು ಈ ಕಾರಣಕ್ಕೆ.

ಇಲ್ಲಿ ದೇಹ ಒಂದು ಸೊಗಸಾದ ರಕ್ಷಣೆ ಇಟ್ಟುಕೊಂಡಿದೆ. ಎದೆ-ಹೊಟ್ಟೆಯ ಒತ್ತಡ ಬೆನ್ನುಹುರಿಯ ಸುತ್ತಲಿನ ಅಭಿಧಮನಿಗಳ ಮೂಲಕ ಮಿದುಳಿನ ಸುತ್ತಲಿನ ದ್ರವಕ್ಕೂ ತಲುಪುತ್ತದೆ. ಅಂದರೆ ಮಿದುಳಿನ ಅಪಧಮನಿಯ ಒಳಗೆ ಒತ್ತಡ ಏರಿದಾಗ ಹೊರಗಿನಿಂದಲೂ ಅದಕ್ಕೆ ಎದುರೊತ್ತಡ ಸಿಗುತ್ತದೆ. ನಾಳದ ಗೋಡೆ ತಾಳಬೇಕಾದದ್ದು ಇವೆರಡರ ವ್ಯತ್ಯಾಸವನ್ನು ಮಾತ್ರ. 320ರ ಒತ್ತಡದಲ್ಲೂ ಆರೋಗ್ಯವಂತರ ಮಿದುಳಿನ ನಾಳ ಒಡೆಯದಿರಲು ಇದು ಮುಖ್ಯ ಕಾರಣ. ಉಸಿರು ಕಟ್ಟುವುದೇ ಅಪಾಯ ಎಂದು ಸಾರಾಸಗಟಾಗಿ ಹೇಳುವ ಟ್ರೇನರ್‌ಗಳು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ ಎಂದು ನನಗನಿಸುತ್ತದೆ.

ಆದರೆ ನಾಳವನ್ನು ಕಾಯುವ ಈ ಏರ್ಪಾಡೇ ನೋವಿಗೆ ದಾರಿ ಮಾಡಿಕೊಡಬಲ್ಲದು. ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಮಿದುಳು, ದ್ರವ, ರಕ್ತ ಈ ಮೂರೇ ಇವೆ. ಹೊರಹೋಗಬೇಕಾದ ರಕ್ತ ಒಳಗೇ ನಿಂತರೆ ಒತ್ತಡ ಏರಲೇಬೇಕು. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲ, ಆದರೆ ಅದನ್ನು ಸುತ್ತಿರುವ ಹೊದಿಕೆಗೂ ಅಲ್ಲಿನ ದೊಡ್ಡ ರಕ್ತನಾಳಗಳಿಗೂ ಇದೆ. ಅವು ಎಳೆದಂತಾದಾಗ ತಲೆಯ ಎರಡೂ ಕಡೆ, ಎದೆಬಡಿತದ ಲಯದಲ್ಲೇ ಮಿಡಿಯುವ ನೋವು ಬರುತ್ತದೆ. ಕತ್ತಿನ ದೊಡ್ಡ ಅಭಿಧಮನಿಯಲ್ಲಿ ರಕ್ತ ಹಿಂದಕ್ಕೆ ನುಗ್ಗದಂತೆ ತಡೆಯುವ ಕವಾಟವೊಂದಿದೆ. ಶ್ರಮದ ತಲೆನೋವು ಇರುವವರಲ್ಲಿ ಈ ಕವಾಟ ಸಡಿಲವಾಗಿರುವುದು ಉಳಿದವರಿಗಿಂತ ಹೆಚ್ಚು ಎಂದು ಅಲ್ಟ್ರಾಸೌಂಡ್ ಪರೀಕ್ಷೆಗಳಲ್ಲಿ ಕಂಡಿದೆ. ಒಂದೇ ಭಾರ ಎತ್ತಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ತಲೆ ನೋಯುವುದಕ್ಕೆ ಇದೊಂದು ವಿವರಣೆ. ಸೆಖೆ ಹೆಚ್ಚಿರುವ ಜಾಗ ಮತ್ತು ಎತ್ತರದ ಊರುಗಳಲ್ಲಿ ಈ ನೋವು ಸುಲಭವಾಗಿ ಬರುತ್ತದೆ.

ಈಗ ಒಂದು ಪ್ರಸಂಗ ಕಲ್ಪಿಸಿಕೊಳ್ಳೋಣ. 29 ವರ್ಷದ ಒಬ್ಬ ಹುಡುಗ, ಜಿಮ್ ಸೇರಿ ಮೂರು ತಿಂಗಳು. ಬೆಳಿಗ್ಗೆ ಏನೂ ತಿನ್ನದೆ, ಕೆಫೀನ್ ತುಂಬಿದ ಪ್ರೀ-ವರ್ಕ್‌ಔಟ್ ಪುಡಿ ಕುಡಿದು, ಲೆಗ್ ಪ್ರೆಸ್‌ನಲ್ಲಿ ಎಂದಿಗಿಂತ ಹೆಚ್ಚು ತೂಕ ಹಾಕಿದ್ದಾನೆ. ಎಂಟನೇ ಸಲ ತಳ್ಳುವಾಗ, ಅಂದರೆ ಎಂಟನೇ ರೆಪ್‌ನಲ್ಲಿ, ಉಸಿರು ಬಿಡದೆ ಮುಕ್ಕುತ್ತಿರುವಾಗ ತಲೆಯ ಹಿಂಭಾಗದಲ್ಲಿ ನೋವು ಎದ್ದಿತು. ಇಲ್ಲಿಂದ ಮುಂದೆ ಕಥೆ ಎರಡು ದಾರಿ ಹಿಡಿಯಬಹುದು, ಎರಡೂ ಶುರುವಾಗುವುದು ಇದೇ ಬೆಂಚಿನ ಮೇಲೆ.

ಮೊದಲನೆಯದರಲ್ಲಿ ನೋವು ನಿಧಾನವಾಗಿ ಏರುತ್ತದೆ. ಎಂಟನೇ ರೆಪ್‌ನಲ್ಲಿ ಸಣ್ಣಗೆ ಮಿಡಿದದ್ದು, ಮುಂದಿನ ಸೆಟ್ಟಿನ ಹೊತ್ತಿಗೆ ಜೋರಾಗಿ, ಬಟ್ಟೆ ಬದಲಾಯಿಸುವಾಗ ತಾರಕಕ್ಕೇರುತ್ತದೆ. ನೀರು ಕುಡಿದು ಮಲಗಿದ ಮೇಲೆ ಮಧ್ಯಾಹ್ನದ ಒಳಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ ಯಂತ್ರದಲ್ಲಿ ಕೂತಾಗ ಮತ್ತೆ ಬರುತ್ತದೆ, ಉಳಿದ ಹೊತ್ತಿನಲ್ಲಿ ಏನೂ ಇಲ್ಲ. ಬೇರೆ ಕಾಯಿಲೆಯಿಲ್ಲದೆ ಬರುವ ಶ್ರಮದ ತಲೆನೋವಿನ ಲಕ್ಷಣ ಹೀಗೆಯೇ: ಶ್ರಮದಲ್ಲಿ ಅಥವಾ ಶ್ರಮದ ಬೆನ್ನಿಗೇ ಬರುವುದು, 48 ಗಂಟೆಯೊಳಗೆ ಹೋಗುವುದು, ಒಂದಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುವುದು.

ಎರಡನೆಯದರಲ್ಲಿ ಎಂಟನೇ ರೆಪ್ ಮುಗಿಯುವಷ್ಟರಲ್ಲಿ ನೋವು ತನ್ನ ತುತ್ತತುದಿಗೆ ಮುಟ್ಟಿರುತ್ತದೆ. ತಲೆಗೆ ಯಾರೋ ಹೊಡೆದರೇ ಎಂದು ಹಿಂದೆ ತಿರುಗಿ ನೋಡುವವರೂ ಇದ್ದಾರೆ. ಶೂನ್ಯದಿಂದ ಪರಮಾವಧಿಗೆ ಒಂದು ನಿಮಿಷದೊಳಗೆ ಏರುವ ಇಂಥ ನೋವಿಗೆ ವೈದ್ಯಶಾಸ್ತ್ರದಲ್ಲಿ ಸಿಡಿಲಿನ ತಲೆನೋವು ಎಂಬ ಹೆಸರಿದೆ. ಆಮೇಲೆ ವಾಂತಿಯಾಗಬಹುದು, ಬೆಳಕು ಸಹಿಸಲು ಆಗದಿರಬಹುದು. ಕೆಲವು ಗಂಟೆಗಳ ನಂತರ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕತ್ತು ಬಿಗಿಯಬಹುದು. ಮಿದುಳಿನ ತಳದ ಅಪಧಮನಿಯಲ್ಲಿ ಹುಟ್ಟಿನಿಂದಲ್ಲದಿದ್ದರೂ ವರ್ಷಗಳಿಂದ ಸದ್ದಿಲ್ಲದೆ ಬೆಳೆದಿದ್ದ ಒಂದು ಉಬ್ಬು ಒಡೆದು, ಹೊದಿಕೆಯ ಅಡಿಯಲ್ಲಿ ರಕ್ತ ಹರಡಿದ್ದರೆ ಚಿತ್ರ ಹೀಗಿರುತ್ತದೆ.

ಆದ್ದರಿಂದ ತುರ್ತು ವಿಭಾಗದಲ್ಲಿ ಡಾಕ್ಟರು ಮೊದಲು ಕೇಳುವುದು ನೋವು ಎಷ್ಟು ಜೋರಾಗಿದೆ ಎಂದಷ್ಟೇ ಅಲ್ಲ, ಎಷ್ಟು ಹೊತ್ತಿನಲ್ಲಿ ಆ ಜೋರು ತಲುಪಿತು ಎಂದು. ಮುಕ್ಕಿದಾಗ ಥಟ್ಟನೆ ಬಂದು ನಿಮಿಷಗಳಲ್ಲಿ ಮಾಯವಾಗುವ ನಿರಪಾಯದ ನೋವೂ ಉಂಟು, ನಿಜ. ಆದರೆ ಅದು ನಿರಪಾಯದ್ದು ಎಂದು ಹೇಳಬೇಕಾದದ್ದು ಸ್ಕ್ಯಾನ್, ನೋವು ತಿಂದವರಲ್ಲ, ಜಿಮ್‌ನ ಗೆಳೆಯರಂತೂ ಅಲ್ಲವೇ ಅಲ್ಲ. ನೋವು ತಾನಾಗಿ ಇಳಿಯಿತು ಎಂಬುದೂ ನೆಮ್ಮದಿಯ ಕಾರಣವಲ್ಲ. ಒಡೆದ ಉಬ್ಬು ತಾತ್ಕಾಲಿಕವಾಗಿ ಮುಚ್ಚಿಕೊಂಡು ಮತ್ತೆ ಒಡೆಯುವ ಅಪಾಯ ಮೊದಲ ಒಂದು ದಿನದಲ್ಲೇ ಅತಿ ಹೆಚ್ಚು.

ಹೊತ್ತಿಗೆ ಇನ್ನೊಂದು ಬೆಲೆಯೂ ಇದೆ. ಹೊಸದಾಗಿ ಹರಿದ ರಕ್ತ ಸಿ.ಟಿ. ಸ್ಕ್ಯಾನ್‌ನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ನೋವು ಶುರುವಾದ 6 ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಅನುಭವಿಗಳು ನೋಡಿದರೆ ಇಂಥ ರಕ್ತಸ್ರಾವ ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ದಿನಗಳು ಕಳೆದಂತೆ ಆ ರಕ್ತ ದ್ರವದಲ್ಲಿ ಬೆರೆತು ಮಾಸುತ್ತ ಹೋಗುತ್ತದೆ, ಸ್ಕ್ಯಾನ್‌ನ ಖಾತ್ರಿಯೂ ಕುಗ್ಗುತ್ತದೆ. ಆಗ ಬೆನ್ನುಮೂಳೆಯ ಕೆಳಭಾಗದಿಂದ ಸೂಜಿಯಲ್ಲಿ ದ್ರವ ತೆಗೆದು ನೋಡಬೇಕಾಗಬಹುದು, ಅಥವಾ ಬಣ್ಣದ ಔಷಧ ಕೊಟ್ಟು ರಕ್ತನಾಳಗಳ ಚಿತ್ರ ತೆಗೆಯಬೇಕಾಗಬಹುದು. ಮನೆಯಲ್ಲಿ ಒಂದು ರಾತ್ರಿ ನೋಡೋಣ ಎಂದು ಕಾದರೆ ಕಳೆದುಕೊಳ್ಳುವುದು ಇದನ್ನು. ಹೊರಡುವ ಮುಂಚೆ ಆಸ್ಪಿರಿನ್‌ನಂಥ ಮಾತ್ರೆ ನುಂಗಬಾರದು, ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಸ್ವಂತ ಬೈಕಿನಲ್ಲಿ ಹೋಗುವ ಸಾಹಸವೂ ಬೇಡ, 108ಕ್ಕೆ ಫೋನ್ ಮಾಡಿ.

ರಕ್ತಸ್ರಾವ ಇಲ್ಲದಿದ್ದರೂ ಸಿಡಿಲಿನಂತೆ ಬರುವ ಇನ್ನೊಂದಿದೆ. ಮಿದುಳಿನ ಅಪಧಮನಿಗಳು ಅಲ್ಲಲ್ಲಿ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುವ ಸ್ಥಿತಿ ಅದು. ಒಂದೆರಡು ವಾರಗಳಲ್ಲಿ ನೋವು ಮತ್ತೆ ಮತ್ತೆ ಬಡಿಯುವುದು ಅದರ ಗುರುತು. ಶ್ರಮ, ಮುಕ್ಕುವಿಕೆ, ಸಂಭೋಗ ಇವು ಅದನ್ನು ಕೆರಳಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ, ಕೆಲವು ಮೈಗ್ರೇನ್ ಮಾತ್ರೆ ಮತ್ತು ಖಿನ್ನತೆಯ ಔಷಧಗಳೂ ಕಾರಣವಾಗಬಲ್ಲವು. ಹೆರಿಗೆಯಾದ ವಾರಗಳಲ್ಲಿ ಮಹಿಳೆಯರಿಗೂ ಬರಬಹುದು. ಮೊದಲ ದಿನಗಳ ಚಿತ್ರದಲ್ಲಿ ನಾಳಗಳು ಸರಿಯಾಗಿಯೇ ಕಾಣಬಹುದಾದ್ದರಿಂದ, ನೋವು ಮರುಕಳಿಸಿದರೆ ಹಳೆಯ ನಾರ್ಮಲ್ ರಿಪೋರ್ಟ್ ನೆಚ್ಚಿ ಸುಮ್ಮನಿರುವಂತಿಲ್ಲ. ಬೇರೊಂದು ಬಗೆಯಲ್ಲಿ ನೋವು ಕತ್ತಿನ ಒಂದೇ ಬದಿಯಿಂದ ಏರುತ್ತದೆ, ಆ ಬದಿಯ ಕಣ್ಣುರೆಪ್ಪೆ ಜೋತು ಬೀಳುತ್ತದೆ, ನಡಿಗೆ ತೂರಾಡುತ್ತದೆ, ಇಲ್ಲವೇ ಕೈಯಲ್ಲಿ ಬಲವಿರುವುದಿಲ್ಲ. ಕತ್ತಿನ ಅಪಧಮನಿಯ ಗೋಡೆಯ ಒಳಪದರ ಹರಿದಿರುವ ಸೂಚನೆ ಅದು, ಪಾರ್ಶ್ವವಾಯುವಿಗೆ ದಾರಿ. ಅದನ್ನು ಕತ್ತು ಉಳುಕಿದೆ ಎಂದು ತಿಕ್ಕಿಸಿಕೊಳ್ಳುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಹುಡುಗನದು ಮೊದಲ ದಾರಿಯ ನೋವು ಎಂದೇ ಇಟ್ಟುಕೊಳ್ಳೋಣ. ಆದರೂ ಅದು ಅವನಿಗೆ ಮೊದಲ ಸಲ ಬಂದದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಬೇಕು, ಅಲ್ಲಿಯವರೆಗೆ ಭಾರ ಮುಟ್ಟಬಾರದು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಕೆಲವು ವಾರ ಭಾರದಿಂದ ದೂರವಿದ್ದು, ನೋವು ಬಂದ ತೂಕಕ್ಕಿಂತ ಸಾಕಷ್ಟು ಕೆಳಗಿನಿಂದ ಮತ್ತೆ ಶುರು ಮಾಡಬಹುದು. ಮೈ ಬಿಸಿಯಾಗಲು ಹತ್ತು ನಿಮಿಷ ಕೊಡಬೇಕು. ಕಷ್ಟದ ಘಟ್ಟದಲ್ಲಿ ಉಸಿರು ಹೊರಬಿಡುತ್ತ ತಳ್ಳಬೇಕು. ಇನ್ನೆರಡು ರೆಪ್ ಆಗುತ್ತಿತ್ತು ಅನ್ನುವಾಗಲೇ ಸೆಟ್ ನಿಲ್ಲಿಸಬೇಕು, ಏಕೆಂದರೆ ಆ ಕೊನೆಯ ರೆಪ್‌ಗಳಲ್ಲೇ ಉಸಿರು ಹೆಚ್ಚು ಹೊತ್ತು ಕಟ್ಟುತ್ತದೆ. ಪುಡಿಯನ್ನಂತೂ ಬಿಡುವುದು ಒಳ್ಳೆಯದು. ಹೀಗಿದ್ದೂ ನೋವು ಬಿಡದಿದ್ದರೆ, ವ್ಯಾಯಾಮಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಇಂಡೋಮೆಥಸಿನ್ ಮಾತ್ರೆ ತೆಗೆದುಕೊಳ್ಳಲು ವೈದ್ಯರು ಹೇಳಬಹುದು. ಹೊಟ್ಟೆಗೆ ಮತ್ತು ಮೂತ್ರಪಿಂಡಕ್ಕೆ ಅದು ಕಠಿಣವಾದ್ದರಿಂದ ತಾನಾಗಿ ನುಂಗುವ ಮಾತ್ರೆಯಲ್ಲ. ಅದರಿಂದ ನೋವು ಇಳಿಯಿತು ಎಂದಮಾತ್ರಕ್ಕೆ ಒಳಗೆ ಏನೂ ಇಲ್ಲ ಎಂದಾಗುವುದಿಲ್ಲ, ಬೇರೆ ಕಾರಣದ ನೋವೂ ಅದಕ್ಕೆ ಬಗ್ಗುತ್ತದೆ. ಈ ಬಗೆಯ ತಲೆನೋವು ಎಷ್ಟೋ ಮಂದಿಯಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಬಿಟ್ಟುಹೋಗುತ್ತದೆ.

ಐವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ, ತಲೆಯಲ್ಲಿ ಕಾಣಿಸಿಕೊಳ್ಳುವ ನೋವಿನ ಮೂಲ ಕೆಲವೊಮ್ಮೆ ಹೃದಯದಲ್ಲಿರುತ್ತದೆ. ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ಪ್ರತಿ ಸಲವೂ ತಲೆ ನೋಯುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ, ಎದೆಯಲ್ಲಿ ಏನೂ ಇಲ್ಲ ಅಂದರೂ ಅದು ಹೃದಯಕ್ಕೆ ರಕ್ತ ಸಾಲದಿರುವ ಸೂಚನೆಯಾಗಿರಬಹುದು. ಅಪರೂಪ ನಿಜ. ಇಂಥವರಿಗೆ ತಲೆಯ ಸ್ಕ್ಯಾನ್ ಜೊತೆಗೆ ಇ.ಸಿ.ಜಿ. ಮತ್ತು ಹೃದಯದ ಶ್ರಮ ಪರೀಕ್ಷೆಯೂ ಆಗಬೇಕು. ಎಷ್ಟು ಮೆಟ್ಟಿಲಿಗೆ ನೋವು ಶುರುವಾಗುತ್ತದೆ, ನಿಂತ ಎಷ್ಟು ನಿಮಿಷಕ್ಕೆ ಇಳಿಯುತ್ತದೆ ಎಂದು ಬರೆದಿಟ್ಟುಕೊಂಡು ಹೋದರೆ ಡಾಕ್ಟರಿಗೆ ಆ ದಿಕ್ಕಿನಲ್ಲಿ ಯೋಚಿಸಲು ಸುಲಭ.