ರಸೀದಿಯ ಮೇಲೆ ಬರೆದ ಆ ಒಂದು ಅಂಕಿ

ನಮ್ಮ ಅತ್ತಿಗೆ ಬಸವನಗುಡಿಯ ಮನೆಯಿಂದಲೇ ಸೀರೆ ವ್ಯಾಪಾರ ಮಾಡುತ್ತಾರೆ. ಚಿಕ್ಕಪೇಟೆಯಿಂದ ತಂದು, ಫೋಟೋ ಕಳಿಸಿ, ಬೇಕೆಂದವರಿಗೆ ಪಾರ್ಸೆಲ್ ಮಾಡುವುದು. ಕಳೆದ ವರ್ಷ ಪುಣೆಯ ಒಬ್ಬ ಗ್ರಾಹಕಿಗೆ ಮೂರು ರೇಷ್ಮೆ ಸೀರೆ ಕಳಿಸಿದರು. ಒಂದೊಂದಕ್ಕೆ ₹12,000, ಒಟ್ಟು ₹36,000. ಹಣ ಮೊದಲೇ ಬಂದಿತ್ತು. ಕೊರಿಯರ್ ಕೌಂಟರ್‌ನಲ್ಲಿ ಸಾಗಣೆ ದರ ₹280 ಆಯಿತು. ರಸೀದಿಯಲ್ಲಿ ‘ಮೌಲ್ಯ’ ಅಂತ ಒಂದು ಸಣ್ಣ ಚೌಕ ಇತ್ತು.

“ಎಷ್ಟು ಬರೀಲಿ?” ಅಂತ ಅತ್ತಿಗೆ ಕೇಳಿದರು.

“ಸುಮ್ನೆ ಐದು ಸಾವಿರ ಬರೀರಿ ಮೇಡಂ, ಎಲ್ಲರೂ ಹಾಗೇ ಬರೆಯೋದು.”

ಬರೆದರು, ಕೆಳಗೆ ಸಹಿ ಹಾಕಿದರು. ಪಾರ್ಸೆಲ್ ಪುಣೆ ತಲುಪಲಿಲ್ಲ. ಮೂರು ವಾರ ಫೋನ್ ಮಾಡಿದ ಮೇಲೆ ‘ಕಳೆದುಹೋಗಿದೆ’ ಎಂಬ ಉತ್ತರ ಬಂತು. ಗ್ರಾಹಕಿಗೆ ಅತ್ತಿಗೆ ₹36,000 ವಾಪಸ್ ಕೊಟ್ಟರು. ಕೊರಿಯರ್‌ನವರು ಕೊಡುತ್ತೇವೆ ಅಂದದ್ದು ₹2,800. ಐದು ಸಾವಿರ ಕೂಡ ಅಲ್ಲ!

ಈ ₹2,800 ಎಲ್ಲಿಂದ ಬಂತು ಅಂತ ನಾನು ಹುಡುಕಿಕೊಂಡು ಹೋದೆ. ಅದು ಕೊರಿಯರ್‌ನವರು ಬಾಯಿಗೆ ಬಂದಂತೆ ಹೇಳಿದ ಅಂಕಿ ಅಲ್ಲ. ರಸ್ತೆ ಮೂಲಕ ಸರಕು ಸಾಗಿಸುವವರಿಗೆ 2007ರ ಒಂದು ಕಾಯ್ದೆ ಇದೆ, ಕ್ಯಾರೇಜ್ ಬೈ ರೋಡ್ ಆ್ಯಕ್ಟ್ ಅಂತ. ಲಾರಿ ಟ್ರಾನ್ಸ್‌ಪೋರ್ಟ್‌ನವರಷ್ಟೇ ಅಲ್ಲ, ಮನೆಯಿಂದ ಮನೆಗೆ ಸಾಮಾನು ಒಯ್ಯುವ ಕೊರಿಯರ್ ಏಜೆನ್ಸಿಗಳೂ ಅದರೊಳಗೆ ಬರುತ್ತವೆ. ಅದರ ಕೆಳಗೆ 2011ರಲ್ಲಿ ಬಂದ ನಿಯಮದ ಪ್ರಕಾರ, ಸರಕು ಕಳೆದರೆ ಸಾಗಿಸುವವನ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ. ಆ ಮೊತ್ತ ನೀವು ಬರೆದುಕೊಟ್ಟ ಮೌಲ್ಯವನ್ನು ದಾಟುವ ಹಾಗೂ ಇಲ್ಲ. ಅಂದರೆ ಎರಡರಲ್ಲಿ ಯಾವುದು ಕಡಿಮೆಯೋ ಅದು. ₹280ರ ಹತ್ತು ಪಟ್ಟು ₹2,800. ಬರೆದದ್ದು ₹5,000. ಕಡಿಮೆಯದ್ದು ₹2,800.

ಇಲ್ಲಿ ಬಹಳ ಜನ ಎಡವುತ್ತಾರೆ. “ಅಯ್ಯೋ, ಪೂರ್ತಿ ಮೂವತ್ತಾರು ಸಾವಿರ ಬರೆದಿದ್ದರೆ ಪೂರ್ತಿ ಸಿಗುತ್ತಿತ್ತಲ್ವಾ?” ಅಂತ ಅತ್ತಿಗೆಯೂ ಅಂದುಕೊಂಡಿದ್ದರು. ಇಲ್ಲ. ಬರೀ ಅಂಕಿ ಬರೆದು ₹280 ಮಾತ್ರ ಕೊಟ್ಟಿದ್ದರೆ ಆಗಲೂ ₹2,800 ಅಷ್ಟೇ. ಬರೆದ ಮೌಲ್ಯ ಒಂದು ಮಿತಿ. ಅದಕ್ಕಿಂತ ಮೇಲೆ ಕೇಳುವಂತಿಲ್ಲ ಅಂತ ಅದು ಹೇಳುತ್ತದೆ, ಅಷ್ಟು ಕೊಟ್ಟೇ ಕೊಡುತ್ತೇವೆ ಅಂತ ಹೇಳುವುದಿಲ್ಲ. ಹತ್ತು ಪಟ್ಟಿನ ಮಿತಿ ಮೇಲೇರಬೇಕಾದರೆ ಇನ್ನೊಂದು ಕೆಲಸ ಆಗಬೇಕು. ಹೆಚ್ಚಿನ ಅಪಾಯಕ್ಕೆ ಹೆಚ್ಚಿನ ದರ ಕೊಡುತ್ತೇನೆ ಅಂತ ಕಳಿಸುವವರು ಒಪ್ಪಿ, ಆ ದರ ಕಟ್ಟಬೇಕು. ಟ್ರಾನ್ಸ್‌ಪೋರ್ಟ್‌ನವರ ಬಾಯಲ್ಲಿ ಇದು ‘ಕ್ಯಾರಿಯರ್ಸ್ ರಿಸ್ಕ್’. ಕಟ್ಟದಿದ್ದರೆ ‘ಓನರ್ಸ್ ರಿಸ್ಕ್’. ರಸೀದಿಯ ಮೂಲೆಯಲ್ಲಿ ಈ ಎರಡರಲ್ಲಿ ಒಂದಕ್ಕೆ ಟಿಕ್ ಬಿದ್ದಿರುತ್ತದೆ. ಎಷ್ಟೋ ಸಲ ನಾವು ಹೋಗುವ ಮುಂಚೆಯೇ ಅಚ್ಚಾಗಿರುತ್ತದೆ. ಅತ್ತಿಗೆಯ ರಸೀದಿಯಲ್ಲಿ ‘ಓನರ್ಸ್ ರಿಸ್ಕ್’ ಅಂತ ಅಚ್ಚಾಗಿತ್ತು. ಅಕ್ಷರ ಎಳ್ಳಿನಷ್ಟು ಸಣ್ಣದು.

ಹೀಗೇಕೆ ಎರಡು ದರ? ಸಾಗಣೆ ದರ ನಿಂತಿರುವುದು ತೂಕ ಮತ್ತು ದೂರದ ಮೇಲೆ. ಎರಡು ಕೆಜಿ ಹತ್ತಿ ಟವೆಲ್‌ಗೂ ಎರಡು ಕೆಜಿ ರೇಷ್ಮೆಗೂ ಲಾರಿ ಸುಡುವ ಡೀಸೆಲ್ ಒಂದೇ. ಆದರೆ ಕಳೆದರೆ ಆಗುವ ನಷ್ಟ ಒಂದೇ ಅಲ್ಲ. ರೇಷ್ಮೆಯ ನಷ್ಟವನ್ನೂ ಅದೇ ದರದಲ್ಲಿ ತುಂಬಿಕೊಡಬೇಕಾದರೆ ಟವೆಲ್ ಕಳಿಸುವವರೆಲ್ಲ ರೇಷ್ಮೆ ಕಳಿಸುವವರ ಪಾಲನ್ನು ಹೊರಬೇಕಾಗುತ್ತದೆ. ಅದಕ್ಕೇ ಅಪಾಯದ ಬೆಲೆಯನ್ನು ಬೇರೆ ತೆಗೆದಿಟ್ಟರು.

ಈ ತರ್ಕ ಹಳೆಯದು. 1769ರಲ್ಲಿ ಇಂಗ್ಲೆಂಡ್‌ನ ಕೋರ್ಟಿಗೆ ಒಂದು ಪ್ರಕರಣ ಬಂತು. ಒಬ್ಬರು ನೂರು ಪೌಂಡ್ ಹಣವನ್ನು ಹಳೆಯ ಮೊಳೆ ಚೀಲದಲ್ಲಿ ಹಾಕಿ, ಮೇಲೆ ಹುಲ್ಲು ತುರುಕಿ, ಏನಿದೆ ಅಂತ ಹೇಳದೆ ಕುದುರೆ ಬಂಡಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್ನಿಗೆ ಕಳಿಸಿದ್ದರು. ಹಣ ಕಳೆಯಿತು. ಬಂಡಿಯವನು ಹೊಣೆಯಲ್ಲ ಅಂತ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟರು. ಹೊರುವ ಅಪಾಯಕ್ಕೆ ತಕ್ಕ ಕೂಲಿ ಸಿಗಬೇಕು, ಒಳಗೆ ಹಣ ಇದೆ ಅಂತ ಗೊತ್ತಿದ್ದರೆ ಬಂಡಿಯವನು ಇನ್ನಷ್ಟು ಜಾಗ್ರತೆ ಮಾಡುತ್ತಿದ್ದ ಎಂಬುದು ಅದರ ತಿರುಳು. ಇದೇ ತರ್ಕ ನಮ್ಮಲ್ಲಿಗೆ 1865ರ ಕ್ಯಾರಿಯರ್ಸ್ ಆ್ಯಕ್ಟ್ ಆಗಿ ಬಂತು. ಬೆಲೆಬಾಳುವ ವಸ್ತುಗಳದ್ದೊಂದು ಪಟ್ಟಿ ಅದರಲ್ಲಿತ್ತು. ಪಟ್ಟಿಯಲ್ಲಿರುವ ವಸ್ತು ನೂರು ರೂಪಾಯಿಗಿಂತ ಜಾಸ್ತಿ ಬೆಲೆಯದಾಗಿದ್ದು, ಅದು ಏನು, ಎಷ್ಟಿನದು ಅಂತ ಹೇಳದೆ ಕೊಟ್ಟಿದ್ದರೆ ಸಾಗಿಸುವವನಿಗೆ ಹೊಣೆ ಇರಲಿಲ್ಲ. ಚಿನ್ನ, ಬೆಳ್ಳಿ, ಗಾಜಿನ ಜೊತೆ ಆ ಪಟ್ಟಿಯಲ್ಲಿ ರೇಷ್ಮೆಯೂ ಇತ್ತು.

ಈಗಿನ ಕಾಯ್ದೆಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಮಾಮೂಲಿಗಿಂತ ಹೆಚ್ಚಿನ ದರ ಕೇಳಬೇಕಾದರೆ, ಆ ದರವನ್ನು ಇಂಗ್ಲಿಷ್‌ನಲ್ಲೂ ಆ ರಾಜ್ಯದ ಭಾಷೆಯಲ್ಲೂ ಬರೆದು ಅಂಗಡಿಯಲ್ಲಿ ತೂಗುಹಾಕಿರಬೇಕು. ಅಂದರೆ ಬೆಂಗಳೂರಿನ ಕೌಂಟರ್‌ನಲ್ಲಿ ಕನ್ನಡದ ಬೋರ್ಡು ಇರಬೇಕು. ನೀವು ಹೋದಾಗ ಕಣ್ಣಾಡಿಸಿ. ಕಾಣದಿದ್ದರೆ ಕೇಳಿ.

ಇಷ್ಟೆಲ್ಲ ಇದ್ದರೂ ಜನ ಕಡಿಮೆ ಯಾಕೆ ಬರೆಯುತ್ತಾರೆ? ಕೆಲವರಿಗೆ ಕಳ್ಳತನದ ಭಯ. ಜಾಸ್ತಿ ಬರೆದರೆ ಯಾರೋ ಕಣ್ಣು ಹಾಕುತ್ತಾರೆ ಅಂತ. ಈ ಭಯ ಸುಳ್ಳು ಅಂತ ನಾನು ಹೇಳಲಾರೆ. ವ್ಯಾಪಾರಿಗಳಿಗೆ ಇನ್ನೊಂದು ಕಾರಣ. ₹50,000 ದಾಟಿದ ಸರಕಿಗೆ ಇ-ವೇ ಬಿಲ್ ಎಂಬ ಜಿಎಸ್‌ಟಿ ದಾಖಲೆ ಮಾಡಬೇಕು. ಆ ಗೋಜೇ ಬೇಡ ಅಂತ ₹49,000 ಬರೆಯುವವರಿದ್ದಾರೆ. ಸರಕು ಹೋದ ದಿನ ಆ ₹49,000 ಅವರದೇ ಕೈಬರಹದಲ್ಲಿ ಅವರ ಮುಂದೆ ಬಂದು ನಿಲ್ಲುತ್ತದೆ. ಅಸಲಿ ಬಿಲ್ಲು ತೋರಿಸಿದರೆ ತೆರಿಗೆಯವರಿಗೂ ಉತ್ತರ ಕೊಡಬೇಕು.

ಜಾಸ್ತಿ ಬರೆದರೆ ಲಾಭವೇ? ಅದೂ ಇಲ್ಲ. ರಿಸ್ಕ್ ದರ ಕಟ್ಟಿ ₹60,000 ಅಂತ ಬರೆದಿದ್ದರೂ ಅತ್ತಿಗೆಗೆ ಸಿಗುತ್ತಿದ್ದದ್ದು ಬಿಲ್ಲು ತೋರಿಸಿ ಸಾಬೀತು ಮಾಡಿದ ₹36,000. ಮಿಕ್ಕ ₹24,000ಕ್ಕೆ ಕಟ್ಟಿದ ದರ ದಂಡ.

ಇನ್ನು ವಿಮೆ. ಕೌಂಟರ್‌ನಲ್ಲಿ ರಿಸ್ಕ್ ದರವನ್ನೂ ‘ಇನ್ಶೂರೆನ್ಸ್’ ಅಂತಲೇ ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ರಿಸ್ಕ್ ದರ ಕಟ್ಟಿದರೆ ಹೊಣೆ ಹೊರುವುದು ಸಾಗಿಸುವವನೇ, ಅವನ ರಸೀದಿಯ ಷರತ್ತಿನ ಪ್ರಕಾರ. ಸಾಗಣೆ ವಿಮೆಯಲ್ಲಿ ಹೊಣೆ ವಿಮಾ ಕಂಪನಿಯದು, ಪಾಲಿಸಿಯ ಪ್ರಕಾರ. ಲಾರಿಗೆ ಬೆಂಕಿ ಬಿದ್ದರೆ ತಪ್ಪು ಯಾರದು ಅಂತ ನೀವು ಕಾದಾಡಬೇಕಿಲ್ಲ. ಪಾಲಿಸಿಯಲ್ಲಿ ಬೆಂಕಿ ಸೇರಿದ್ದರೆ ಕಂಪನಿ ಕೊಡುತ್ತದೆ. ಸರಿಯಾಗಿ ಪ್ಯಾಕ್ ಮಾಡದೆ ಹಾಳಾದದ್ದಕ್ಕೆ, ತಡವಾದದ್ದರಿಂದ ಆದ ನಷ್ಟಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ದುಡ್ಡು ಕಟ್ಟುವಾಗ ಒಂದೇ ಪ್ರಶ್ನೆ ಕೇಳಿ: “ಕಳೆದರೆ ಚೆಕ್ ಬರೆಯುವುದು ಯಾರು, ಪಾಲಿಸಿ ನಂಬರ್ ಏನು?” ನಂಬರ್ ಇಲ್ಲದಿದ್ದರೆ ನೀವು ಕಟ್ಟಿದ್ದು ಬಹುಶಃ ರಿಸ್ಕ್ ದರ.

ವಿಮೆಯಲ್ಲಿ ಕಡಿಮೆ ಬರೆದರೆ ಬೀಳುವ ಪೆಟ್ಟು ಇನ್ನೂ ಸೂಕ್ಷ್ಮ. ಅತ್ತಿಗೆ ಅರ್ಧ ಮೌಲ್ಯಕ್ಕೆ, ಅಂದರೆ ₹18,000ಕ್ಕೆ ವಿಮೆ ಮಾಡಿಸಿದ್ದರು ಅಂತಿಟ್ಟುಕೊಳ್ಳಿ. ಪೂರ್ತಿ ಪಾರ್ಸೆಲ್ ಹೋದರೆ ₹18,000 ಬರುತ್ತದೆ, ಸರಿ. ಆದರೆ ಒಂದೇ ಸೀರೆ ನೀರು ಬಿದ್ದು ಹಾಳಾದರೆ? ನಷ್ಟ ₹12,000, ವಿಮೆ ₹18,000, ಹಾಗಾಗಿ ಪೂರ್ತಿ ಸಿಗಬಹುದು ಅನ್ನಿಸುತ್ತದೆ. ಸಿಗುವುದು ₹6,000. ಮಾಡಿಸಿದ್ದು ಅರ್ಧಕ್ಕೆ, ಆದ್ದರಿಂದ ಪ್ರತಿ ನಷ್ಟದಲ್ಲೂ ಅರ್ಧ ಮಾತ್ರ. 1963ರ ಮರೈನ್ ಇನ್ಶೂರೆನ್ಸ್ ಆ್ಯಕ್ಟ್ ಇದನ್ನು ನೇರವಾಗಿ ಹೇಳುತ್ತದೆ: ವಿಮೆ ಮಾಡಿಸದೆ ಬಿಟ್ಟ ಪಾಲಿಗೆ ನೀವೇ ವಿಮಾ ಕಂಪನಿ ಅಂತ ಲೆಕ್ಕ. ನೆಲದ ಮೇಲಿನ ಸಾಗಣೆ ಪಾಲಿಸಿಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ.

ಅಂಚೆಯಲ್ಲೂ ಇದೇ ಕಥೆ. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಪರಿಹಾರ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ ₹1,000, ಎರಡರಲ್ಲಿ ಕಡಿಮೆಯದ್ದು. ಬೆಲೆಬಾಳುವ ವಸ್ತುವಾದರೆ ಕೌಂಟರ್‌ನಲ್ಲೇ ವಿಮೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು.

ಕಳೆದ ಮೇಲೆ ಏನು ಮಾಡಬೇಕು? ಫೋನ್ ಕರೆ ಲೆಕ್ಕಕ್ಕಿಲ್ಲ. ಕೋರ್ಟಿಗೆ ಹೋಗುವ ಮಾತಿದ್ದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಿಸುವವನಿಗೆ ಬರಹದಲ್ಲಿ ನೋಟಿಸ್ ತಲುಪಿರಬೇಕು. ‘ಹುಡುಕ್ತಾ ಇದ್ದೀವಿ’ ಅನ್ನುವ ಉತ್ತರದಲ್ಲೇ ಆ ದಿನಗಳು ಕರಗಿಹೋಗುತ್ತವೆ. ಆಮೇಲೆ ಒಂದು ಕಾಗದ ಬರುತ್ತದೆ: ‘ಈ ಮೊತ್ತವನ್ನು ಪೂರ್ಣ ಮತ್ತು ಅಂತಿಮ ಪರಿಹಾರವಾಗಿ ಒಪ್ಪಿದ್ದೇನೆ.’ ವಿಮೆ ಇದ್ದವರು ಅದಕ್ಕೆ ಸಹಿ ಹಾಕುವ ಮುಂಚೆ ವಿಮಾ ಕಂಪನಿಯನ್ನು ಕೇಳಲೇಬೇಕು. ನಿಮಗೆ ಹಣ ಕೊಟ್ಟ ಮೇಲೆ ಕಂಪನಿ ನಿಮ್ಮ ಜಾಗದಲ್ಲಿ ನಿಂತು ಸಾಗಿಸುವವನಿಂದ ವಸೂಲಿ ಮಾಡುತ್ತದೆ. ₹2,800ಕ್ಕೆ ನೀವು ಆ ಬಾಗಿಲು ಮುಚ್ಚಿಬಿಟ್ಟರೆ ದೊಡ್ಡ ಕ್ಲೇಮೇ ತಿರಸ್ಕಾರವಾಗಬಹುದು.

ಅತ್ತಿಗೆಗೆ ವಿಮೆ ಇರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವಾ ಅಂತ ಮನೆಯಲ್ಲಿ ಮಾತಾಯಿತು. ಅಲ್ಲೂ ಆ ಸಹಿ ಅಡ್ಡ ಬರುತ್ತದೆ. ಕೊರಿಯರ್‌ನಲ್ಲಿ ಕಳಿಸಿದ ದಾಖಲೆ ಕಳೆದ ಒಂದು ಪ್ರಕರಣದಲ್ಲಿ, ಸಹಿ ಹಾಕಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯನ್ನೇ ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿಯಿತು. ಸಹಿಯೇ ಇಲ್ಲದ, ಕಾಣದಷ್ಟು ಸಣ್ಣಕ್ಷರದ ಷರತ್ತನ್ನು ಆಯೋಗಗಳು ಪಕ್ಕಕ್ಕಿಟ್ಟದ್ದೂ ಇದೆ. ಅತ್ತಿಗೆಯ ರಸೀದಿಯಲ್ಲಿ ಸಹಿ ಇತ್ತು, ಪಕ್ಕದಲ್ಲೇ ಅವರದೇ ಅಕ್ಷರದಲ್ಲಿ ₹5,000. ₹2,800 ತೆಗೆದುಕೊಂಡರು.

ಹೋದ ತಿಂಗಳು ಅವರ ಜೊತೆ ಮತ್ತೆ ಕೌಂಟರ್‌ಗೆ ಹೋಗಿದ್ದೆ, ಬೇರೆ ಕಡೆ. ಎರಡು ಸೀರೆ. ಅತ್ತಿಗೆ ಬಿಲ್ಲು ಮುಂದಿಟ್ಟು ₹24,000 ಬರೆದರು. ನೂರಕ್ಕೆ ಎರಡರಂತೆ ₹480 ರಿಸ್ಕ್ ದರ ಕಟ್ಟಿ, ‘ಕ್ಯಾರಿಯರ್ಸ್ ರಿಸ್ಕ್’ ಮೇಲೆ ಟಿಕ್ ಹಾಕಿಸಿಕೊಂಡರು. ಹುಡುಗ ರಸೀದಿ ನೋಡಿದ. ಬೇರೆ ಪಾರ್ಸೆಲ್‌ಗಳೆಲ್ಲ ಬಾಗಿಲ ಪಕ್ಕ ಗುಡ್ಡೆಯಾಗಿ ಬಿದ್ದಿದ್ದವು. ಈ ಡಬ್ಬವನ್ನು ಅವನು ಅಲ್ಲಿ ಹಾಕಲಿಲ್ಲ. ಒಳಗೆ ಒಯ್ದು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ ಬಂದ.