ತೊಗರಿ ಬೇಳೆ ಕಡಿಮೆ ಬಿದ್ದಾಗ: ತಾರೀಖು ಹೇಳುವ ಮುಂಚೆ ಲೆಕ್ಕ

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಆರ್ಡರ್ ಬರೆದುಕೊಳ್ಳುತ್ತಾ ಕಲಿತದ್ದನ್ನು ಬರೆಯುತ್ತಿದ್ದೇನೆ. ಮಾಲು ಕಡಿಮೆ ಬಿದ್ದಾಗ "ಎರಡ್ಮೂರು ದಿನ ಆಗ್ತದ" ಅಂತ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇವೆ. ಗಿರಾಕಿ ಅದನ್ನೇ ನಂಬಿ ಕೂರುತ್ತಾನೆ. ನಾನೂ ಹಾಗೆ ಹೇಳಿ ಒಂದು ಆರ್ಡರ್ ಕಳಕೊಂಡಿದ್ದೇನೆ.

ಒಂದು ಉದಾಹರಣೆ ನೋಡಿ. ಮಳೆಗಾಲ. ರಾಯಚೂರಿನ ಅಂಗಡಿಯವರು 50 ಕೆಜಿಯ 40 ಚೀಲ ಕೇಳಿದ್ದಾರೆ. ಗೋದಾಮಿನಲ್ಲಿ ಇರುವುದು 14. ಇನ್ನು 26 ಚೀಲ, ಅಂದರೆ 1300 ಕೆಜಿ ಬೇಳೆ ಬೇಕು. ಒಂದು ಕ್ವಿಂಟಲ್ ತೊಗರಿಗೆ ಸುಮಾರು 70 ಕೆಜಿ ಬೇಳೆ ಬರುತ್ತದೆ. ಹಾಗಾಗಿ ಸುಮಾರು 19 ಕ್ವಿಂಟಲ್ ತೊಗರಿ ಬೇಕು. ಮೊದಲು ನೋಡಬೇಕಾದದ್ದು ಇದನ್ನೇ: ಅಷ್ಟು ತೊಗರಿ ಗೋದಾಮಿನಲ್ಲಿ ಇದೆಯಾ? "ಲಾರಿ ದಾರಿಯಲ್ಲಿದೆ" ಅನ್ನುವ ಮಾಲಿನ ಮೇಲೆ ತಾರೀಖು ಕೊಡಬಾರದು.

ತೊಗರಿ ಇದೆ ಅಂದುಕೊಳ್ಳಿ. ಇವತ್ತು ಸೋಮವಾರ. ಸಿಪ್ಪೆ ಬಿಡಲಿ ಅಂತ ಮಂಗಳವಾರ ತೊಗರಿಗೆ ಎಣ್ಣೆ ಹಚ್ಚುತ್ತಾರೆ. ಬುಧವಾರದಿಂದ ಶನಿವಾರದವರೆಗೆ ಬಿಸಿಲು. ಅವತ್ತು ರಾತ್ರಿ ನೀರು ಚಿಮುಕಿಸಿ ರಾಶಿ ಹಾಕಿಡುತ್ತಾರೆ, ಭಾನುವಾರ ಮತ್ತೆ ಒಣಗಿಸುತ್ತಾರೆ. ಸೋಮವಾರ ಒಡೆಯುವುದು, ಮಂಗಳವಾರ ಜರಡಿ ಹಿಡಿದು ಚೀಲ ತುಂಬುವುದು. ತಡ ಆಗುವುದು ಮಶೀನಿನಲ್ಲಲ್ಲ, ಅಂಗಳದಲ್ಲಿ. ಮೋಡ ಕವಿದರೆ ಸಿಪ್ಪೆ ಬಿಡುವುದಿಲ್ಲ, ಬೇಳೆ ಚೂರಾಗುತ್ತದೆ. ಅದಕ್ಕೇ ಎರಡು ದಿನ ಜಾಸ್ತಿ ಹಿಡಿದು ಗುರುವಾರ ಅನ್ನಬೇಕು. ಇದು ಲಾರಿಗೆ ಹೇರುವ ದಿನ. ಅಂಗಡಿಗೆ ಮುಟ್ಟುವ ದಿನ ಬೇರೆ, ಎರಡನ್ನೂ ಬಿಡಿಸಿ ಹೇಳಿ.

ಬದಲಿ ಮಾಲು ಹೇಳುವ ಮುಂಚೆ ಬೇಳೆ ಯಾವುದಕ್ಕೆ ಅಂತ ಕೇಳಿ. ಹಾಸ್ಟೆಲ್ ಅಡುಗೆಗಾದರೆ ಚೂರು ಬೇಳೆ ನಡೆಯುತ್ತದೆ, ಸಾಂಬಾರಿನಲ್ಲಿ ಹೇಗೂ ಕರಗುತ್ತದೆ, ದರವೂ ಕಡಿಮೆ. ಅಂಗಡಿಯಲ್ಲಿ ಮಾರುವವರಿಗೆ ಅದು ಬೇಡ, ಕೊಳ್ಳುವವರು ಕಾಳು ಕೈಯಲ್ಲಿ ಹಿಡಿದು ನೋಡುತ್ತಾರೆ ಅಲ್ವಾ? ಅವರಿಗೆ ಬೇರೆ ಊರಿನ ಬೇಳೆ ಕೊಡಬಹುದು, ಆದರೆ ಊರಿನ ಹೆಸರು ಹೇಳಿಯೇ ಕೊಡಬೇಕು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರಿನ ಚೀಲದಲ್ಲಿ ಬೇರೆ ಬೇಳೆ ತುಂಬುವುದು ಮೋಸ.

ನಾನು ಈಗ ಕಳಿಸುವ ಸಂದೇಶ ಹೀಗಿರುತ್ತದೆ:

"ನಮಸ್ಕಾರ ಸಾಹುಕಾರ್ರೆ. ನಿಮ್ಮ 40 ಚೀಲದಲ್ಲಿ 14 ಇವತ್ತೇ ಹೇರುತ್ತೇವೆ. ಮಳೆಯಿಂದ ತೊಗರಿ ಒಣಗಿಲ್ಲ, ಅದಕ್ಕೆ 26 ಕಡಿಮೆ ಬಿದ್ದಿವೆ. ಅವನ್ನು ಮುಂದಿನ ವಾರ ಗುರುವಾರ ಸಂಜೆ ಹೇರುತ್ತೇವೆ, ಶುಕ್ರವಾರ ನಿಮಗೆ ಮುಟ್ಟುತ್ತವೆ. ದರ ಮೊದಲಿನದೇ. ತುರ್ತಿದ್ದರೆ ಲಾತೂರಿನ ಬೇಳೆ 10 ಚೀಲ ಇದೆ, ಸ್ಯಾಂಪಲ್ ಕಳಿಸಲಾ? ಬೇಡವಾದರೆ 26 ಚೀಲದ ಆರ್ಡರ್ ರದ್ದು ಮಾಡಿ, ಮುಂಗಡ ವಾಪಸ್ ಕೊಡುತ್ತೇವೆ."

ಭಾನುವಾರ ಸಂಜೆ ಅಂಗಳಕ್ಕೆ ಹೋಗಿ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ ನೋಡಿ. ಸಿಪ್ಪೆ ಗಟ್ಟಿಯಾಗಿ ಅಂಟಿದ್ದರೆ ಗುರುವಾರದವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ ಹೊಸ ದಿನ ಹೇಳಿ.