ಮಾಸಿಕ ಬಿಲ್‌ನಿಂದ ತ್ರೈಮಾಸಿಕ ಬಿಲ್‌ಗೆ: ಹಳೆಯ ಗ್ರಾಹಕರಿಗೆ ಬರೆಯುವ ಪತ್ರದ ಟಿಪ್ಪಣಿ

ವ್ಯವಹಾರ ಪತ್ರಗಳನ್ನು ಅಭ್ಯಾಸ ಮಾಡುವವರು ಈ ಪತ್ರವನ್ನು ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಮುಗಿಸುತ್ತಾರೆ: ಇನ್ನು ಮುಂದೆ ಬಿಲ್ ಮೂರು ತಿಂಗಳಿಗೊಮ್ಮೆ ಬರುತ್ತದೆ, ಸಹಕರಿಸಿ. ಗ್ರಾಹಕರ ಲೆಕ್ಕಪತ್ರ ವಿಭಾಗಕ್ಕೆ ಇದು ಸಾಲದು. ಹಳೆಯ ಪದ್ಧತಿ ಯಾವ ದಿನ ಮುಗಿಯುತ್ತದೆ, ಹೊಸದು ಯಾವ ದಿನ ಆರಂಭವಾಗುತ್ತದೆ, ಆ ಸಂಧಿಕಾಲದಲ್ಲಿ ಎಷ್ಟು ಹಣ ಹೊರಡಬೇಕು ಎಂಬುದೇ ಅವರಿಗೆ ಬೇಕಾದ ಮಾಹಿತಿ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಕಂಪ್ಯೂಟರ್‌ಗಳನ್ನು ಒಂದು ಸಂಸ್ಥೆ ಎಂಟು ವರ್ಷಗಳಿಂದ ನಿರ್ವಹಿಸುತ್ತಿದೆ. ತಿಂಗಳ ಶುಲ್ಕ 12,000 ರೂಪಾಯಿ, ಶೇ. 18ರ ಜಿಎಸ್‌ಟಿ 2,160, ಒಟ್ಟು 14,160 ರೂಪಾಯಿ. ಬಿಲ್ ತಿಂಗಳ ಕೊನೆಯ ದಿನ ಹೊರಡುತ್ತದೆ. ಹದಿನೈದು ದಿನದೊಳಗೆ ಹಣ ಬರುತ್ತದೆ. ಜುಲೈ 1ರಿಂದ ಮೂರು ತಿಂಗಳ ಬಿಲ್ಲನ್ನು ಮುಂಗಡವಾಗಿ ಕೊಡಬೇಕೆಂಬುದು ಸಂಸ್ಥೆಯ ಇಚ್ಛೆ. ಆಗ ಶುಲ್ಕ 36,000, ತೆರಿಗೆ 6,480, ಒಟ್ಟು 42,480 ರೂಪಾಯಿ.

ಮೇಲ್ನೋಟಕ್ಕೆ ಇದು ಮೂರು ಬಿಲ್ಲುಗಳ ಮೊತ್ತ ಮಾತ್ರ. ಆದರೆ ಜೂನ್ ತಿಂಗಳ ಹಳೆಯ ಬಿಲ್ ಜುಲೈ 15ರೊಳಗೆ ಪಾವತಿಯಾಗಬೇಕು. ಹೊಸ ಬಿಲ್ಲಿಗೂ ಹದಿನೈದು ದಿನದ ಗಡುವನ್ನೇ ಇಟ್ಟರೆ, ತಿಂಗಳಿಗೆ 14,160 ಕೊಡುತ್ತಿದ್ದ ಕಾರ್ಖಾನೆ ಜುಲೈ ಮೊದಲ ಹದಿನೈದು ದಿನಗಳಲ್ಲೇ 56,640 ರೂಪಾಯಿ ಹೊಂದಿಸಬೇಕಾಗುತ್ತದೆ. ದರ ಹೆಚ್ಚಿಲ್ಲವೆಂದು ಎಷ್ಟು ಹೇಳಿದರೂ ಗ್ರಾಹಕರ ಕಣ್ಣಿಗೆ ಬೀಳುವುದು ಈ ಭಾರವೇ. ಆದ್ದರಿಂದ ಮೊದಲ ತ್ರೈಮಾಸಿಕಕ್ಕೆ ಮಾತ್ರ ಗಡುವನ್ನು ಆಗಸ್ಟ್ 10ರವರೆಗೆ ವಿಸ್ತರಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಇದರಿಂದ ಸಂಸ್ಥೆಗೂ ತೊಂದರೆಯಿಲ್ಲ: ಜುಲೈ 1ರ ದಿನಾಂಕದ ಬಿಲ್ಲಿನ ಪೂರ್ಣ ಜಿಎಸ್‌ಟಿ ಜುಲೈ ತಿಂಗಳ ಲೆಕ್ಕಕ್ಕೆ ಸೇರುತ್ತದೆ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಅದನ್ನು ಆಗಸ್ಟ್ 20ರೊಳಗೆ ಕಟ್ಟಬೇಕು, ಗ್ರಾಹಕರ ಹಣ ಅದಕ್ಕೆ ಹತ್ತು ದಿನ ಮೊದಲೇ ಕೈಸೇರುತ್ತದೆ. ಹಣ ಬಾರದಿದ್ದರೂ ತೆರಿಗೆ ಕಟ್ಟಲೇಬೇಕಾದ ಕಾರಣ ಈ ಹತ್ತು ದಿನಗಳ ಅಂತರವನ್ನು ಬಿಟ್ಟುಕೊಡಬಾರದು.

ಇನ್ನು ಪತ್ರದ ಧ್ವನಿ. ಒಪ್ಪಂದದಲ್ಲಿ ಮಾಸಿಕ ಬಿಲ್ ಎಂದಿದ್ದರೆ ಒಬ್ಬರೇ ನಿರ್ಧರಿಸಿ ಅದನ್ನು ಬದಲಿಸಲಾಗದು. ಇನ್ನೊಬ್ಬರ ಒಪ್ಪಿಗೆ ಬೇಕು. ಹಾಗಾಗಿ ಇದು ತಿಳಿವಳಿಕೆ ಪತ್ರದಂತೆ ಕಂಡರೂ ಒಳಗೆ ಪ್ರಸ್ತಾವವೇ ಆಗಿರಬೇಕು. ಮೇ ತಿಂಗಳ ಮಧ್ಯದಲ್ಲಿ ಕಳುಹಿಸಿದರೆ ಗ್ರಾಹಕರಿಗೆ ಯೋಚಿಸಲು ಕಾಲಾವಕಾಶ ಸಿಗುತ್ತದೆ. ಮಾದರಿ ಹೀಗಿದೆ:

"ಮಾನ್ಯರೇ,
ಕಳೆದ ಎಂಟು ವರ್ಷಗಳಿಂದ ತಮ್ಮ ಕಾರ್ಖಾನೆಯ ಕಂಪ್ಯೂಟರ್ ನಿರ್ವಹಣೆಯನ್ನು ನಮಗೆ ವಹಿಸಿದ್ದೀರಿ. ಈ ಸೇವೆಯ ಬಿಲ್ಲನ್ನು ಜುಲೈ 1ರಿಂದ ಪ್ರತಿ ತ್ರೈಮಾಸಿಕದ ಆರಂಭದಲ್ಲಿ, ಮೂರು ತಿಂಗಳಿಗೆ ಒಂದರಂತೆ, ಮುಂಗಡವಾಗಿ ಸಲ್ಲಿಸಲು ತಮ್ಮ ಒಪ್ಪಿಗೆ ಕೋರುತ್ತೇವೆ. ತಿಂಗಳ ದರದಲ್ಲಾಗಲಿ ಸೇವೆಯ ವ್ಯಾಪ್ತಿಯಲ್ಲಾಗಲಿ ಬದಲಾವಣೆಯಿಲ್ಲ.
ಕೊನೆಯ ಮಾಸಿಕ ಬಿಲ್ ಜೂನ್ 30ರದು. ಅದು ಎಂದಿನಂತೆ ಜುಲೈ 15ರೊಳಗೆ ಪಾವತಿಯಾಗಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೊದಲ ತ್ರೈಮಾಸಿಕ ಬಿಲ್ ಜುಲೈ 1ರದಾಗಿದ್ದು, ಅದರ ಮೊತ್ತ ಜಿಎಸ್‌ಟಿ ಸೇರಿ 42,480 ರೂಪಾಯಿ. ಎರಡು ಪಾವತಿಗಳು ಒಟ್ಟಿಗೆ ಬರಬಾರದೆಂದು ಈ ಒಂದು ಬಿಲ್ಲಿಗೆ ಆಗಸ್ಟ್ 10ರವರೆಗೆ ಅವಕಾಶವಿದೆ. ಅಕ್ಟೋಬರ್‌ನಿಂದ ಬಿಲ್ ದಿನಾಂಕದಿಂದ ಹದಿನೈದು ದಿನಗಳ ಗಡುವು ಅನ್ವಯಿಸುತ್ತದೆ. ತ್ರೈಮಾಸಿಕದ ನಡುವೆ ಸೇವೆ ನಿಂತರೆ ಉಳಿದ ದಿನಗಳ ಶುಲ್ಕಕ್ಕೆ ಕ್ರೆಡಿಟ್ ನೋಟ್ ನೀಡಿ ಹಣ ಹಿಂದಿರುಗಿಸುತ್ತೇವೆ.
ದಯವಿಟ್ಟು ಜೂನ್ 10ರೊಳಗೆ ಲಿಖಿತವಾಗಿ ತಿಳಿಸಿ. ಮಾಸಿಕ ಪದ್ಧತಿಯೇ ಅನುಕೂಲವೆನಿಸಿದರೆ ಅದನ್ನೇ ಮುಂದುವರಿಸುತ್ತೇವೆ."

ಕ್ರೆಡಿಟ್ ನೋಟ್‌ನ ವಾಕ್ಯವನ್ನು ಅನೇಕರು ಬಿಡುತ್ತಾರೆ, ಆದರೆ ಮುಂಗಡ ಕೊಡುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಅದೇ. ಕಾರಣವನ್ನು ಉದ್ದವಾಗಿ ವಿವರಿಸುವ ಅಗತ್ಯವಿಲ್ಲ. ಬಿಲ್ಲುಗಳ ಸಂಖ್ಯೆ ಕಡಿಮೆಯಾಗುವುದರಿಂದ ತಮಗೇ ಲಾಭ ಎಂದು ಗ್ರಾಹಕರಿಗೆ ಹೇಳುವುದಂತೂ ಬೇಡ, ಏಕೆಂದರೆ ಇಲ್ಲಿ ಹಣ ಮೊದಲೇ ಸಿಗುವುದು ಸಂಸ್ಥೆಗೆ.

ಗ್ರಾಹಕರು ಬ್ಯಾಂಕಿನಲ್ಲಿ ಪ್ರತಿ ತಿಂಗಳ ಸ್ವಯಂ ಪಾವತಿಗೆ ಸೂಚನೆ ಕೊಟ್ಟಿದ್ದರೆ, ಜುಲೈ ಪಾವತಿಯ ನಂತರ ಅದನ್ನು ನಿಲ್ಲಿಸುವಂತೆ ಒಂದು ಸಾಲು ಸೇರಿಸಬೇಕು. ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಮತ್ತೆ 14,160 ರೂಪಾಯಿ ಜಮೆಯಾಗುತ್ತದೆ; ಬ್ಯಾಂಕ್ ವಿವರದಲ್ಲಿ ಯಾವ ಬಿಲ್ಲಿಗೂ ಹೊಂದದ ಹಳೆಯ ಮೊತ್ತ ಕಂಡರೆ ಕಾರಣ ಇದೇ. ಒಪ್ಪಿಗೆಯ ಉತ್ತರವೇ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದು ತಿಳಿಯದೆ, ದೂರವಾಣಿಯಲ್ಲಿ ಕೇಳಿ, ಲಿಖಿತ ಉತ್ತರ ಕೈಸೇರುವವರೆಗೆ ಮಾಸಿಕ ಬಿಲ್ಲನ್ನೇ ಕಳುಹಿಸಬೇಕು.